ಪುಸ್ತಕದಲ್ಲಿ ಇಲ್ಲದ ಪದ: ಹಾಸನದ ಒಬ್ಬ ಜೂನಿಯರ್ ವಕೀಲೆಯ ಎಐಬಿಇ ತಯಾರಿ

ಮೊದಲ ಸಲ ಅವಳಿಗೆ ಬಂದದ್ದು 41 ಅಂಕ. ಪಾಸಾಗಲು ಬೇಕಿದ್ದದ್ದು 45. ಹಾಸನದ ಕೋರ್ಟಿನ ಹತ್ತಿರವೇ ಇರುವ ನಮ್ಮ ಆಫೀಸಿಗೆ ಬೆಳಿಗ್ಗೆ ಬಂದವಳು ಬ್ಯಾಗಿನಿಂದ ದಪ್ಪ ದಪ್ಪ ಪುಸ್ತಕಗಳನ್ನು ತೆಗೆದು ಮೇಜಿನ ಮೇಲೆ ಇಟ್ಟಳು. "ಎಲ್ಲಾ ಇದರಲ್ಲೇ ಇತ್ತು ಮೇಡಂ. ಸಿಗಲಿಲ್ಲ ಅಷ್ಟೇ" ಎಂದಳು. ಆಮೇಲಿನ ನಾಲ್ಕು ತಿಂಗಳು ನಾವಿಬ್ಬರೂ ಮಾಡಿದ ಕೆಲಸವೆಲ್ಲ ಹುಟ್ಟಿದ್ದು ಆ ಒಂದು ಮಾತಿನಿಂದ. ಇದ್ದದ್ದು ಯಾಕೆ ಸಿಗಲಿಲ್ಲ ಎಂದು ಹುಡುಕುತ್ತಾ ಹೋದಾಗ ಕಾರಣ ನಾನು ಊಹಿಸಿದ್ದಕ್ಕಿಂತ ಬೇರೆಯೇ ಆಗಿತ್ತು.

ಪರೀಕ್ಷೆ ಗೊತ್ತಿಲ್ಲದವರಿಗೆ ಎರಡು ಮಾತು. ಕಾನೂನು ಪದವಿ ಮುಗಿಸಿ ಸನ್ನದು ಪಡೆದವರು ವಕೀಲಿಕೆಯಲ್ಲಿ ಮುಂದುವರಿಯಲು ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ನಾವೆಲ್ಲ ಕರೆಯುವುದು ಎಐಬಿಇ ಎಂದು. ನೂರು ಬಹು ಆಯ್ಕೆ ಪ್ರಶ್ನೆ, ಮೂರೂವರೆ ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಸಾಮಾನ್ಯ ವರ್ಗ ಮತ್ತು ಹಿಂದುಳಿದ ವರ್ಗದವರಿಗೆ 45, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 40 ಬಂದರೆ ಪಾಸು. ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲೂ ತೆಗೆದುಕೊಳ್ಳಬಹುದು. ಹಿಂದೆ ಗೈಡು, ನೋಟ್ಸು ಎಲ್ಲವನ್ನೂ ಒಳಗೆ ಒಯ್ಯಬಹುದಿತ್ತು. 2021ರಿಂದೀಚೆಗೆ ಟಿಪ್ಪಣಿ, ವ್ಯಾಖ್ಯಾನ ಯಾವುದೂ ಇಲ್ಲದ ಬೇರ್ ಆಕ್ಟ್ ಮಾತ್ರ. ಅಂದರೆ ಕಾಯ್ದೆಯ ಬರಿಯ ಪಠ್ಯ.

ಆ ನಿಯಮವನ್ನು ಅವಳು ಓದಿದ್ದಳು, ಅದರ ಅರ್ಥ ಏನಾಗುತ್ತದೆ ಎಂದು ಯೋಚಿಸಿರಲಿಲ್ಲ. ಕಾಲೇಜಿನ ಐದು ವರ್ಷದ ನೋಟ್ಸನ್ನು ವಿಷಯವಾರು ಜೋಡಿಸಿ, ಬಣ್ಣದ ಪೆನ್ನಿನಲ್ಲಿ ಗೆರೆ ಹಾಕಿ ತಯಾರಾಗಿದ್ದಳು. ಆ ನೋಟ್ಸು ಮನೆಯಲ್ಲೇ ಉಳಿಯಿತು. ಕೈಯಲ್ಲಿ ಒಯ್ದದ್ದು ಪರೀಕ್ಷೆಗೆ ಹದಿನೈದು ದಿನ ಮುಂಚೆ ಕೊಂಡ, ಒಮ್ಮೆಯೂ ಸರಿಯಾಗಿ ಬಿಚ್ಚದ ಹೊಸ ಪುಸ್ತಕಗಳನ್ನು. ಮೊದಲ ಪ್ರಶ್ನೆಗೇ ಪುಸ್ತಕ ತೆಗೆದಳಂತೆ. ಗಂಟೆ ಬಾರಿಸಿದಾಗ ಇಪ್ಪತ್ತಾರು ಪ್ರಶ್ನೆ ಓದದೆಯೇ ಉಳಿದಿದ್ದವು.

ನನಗೆ ಮೊದಲು ಅನಿಸಿದ್ದು ಇವಳದು ಕೈ ನಿಧಾನ ಎಂದು. ಅದನ್ನು ಪರೀಕ್ಷಿಸಲು ಒಂದು ಸಂಜೆ ಕಕ್ಷಿದಾರರೆಲ್ಲ ಹೋದ ಮೇಲೆ ಮೊಬೈಲಿನಲ್ಲಿ ಸಮಯ ಹಾಕಿಕೊಂಡು ಕೂತೆ. "ಮರಣಕಾಲದ ಹೇಳಿಕೆ ಯಾವ ಸೆಕ್ಷನ್? ಹುಡುಕು" ಎಂದೆ. ಸಾಕ್ಷ್ಯ ಅಧಿನಿಯಮವನ್ನು ತಕ್ಷಣ ತೆಗೆದಳು, ಅದರಲ್ಲಿ ತಡ ಆಗಲಿಲ್ಲ. ಮುಂದಿನ ಪುಟಗಳಲ್ಲಿರುವ ಸೆಕ್ಷನ್‌ಗಳ ಪಟ್ಟಿಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಬಂದಳು. ಕೊನೆ ಮುಟ್ಟಿದಳು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಮೂರು ನಿಮಿಷ ನಲವತ್ತು ಸೆಕೆಂಡ್ ಆದರೂ ಸಿಗಲಿಲ್ಲ. ನಾನೂ ಪಕ್ಕದಲ್ಲಿ ಕೂತು ಪಟ್ಟಿ ನೋಡಿದಾಗ ಗೊತ್ತಾಯಿತು. ಅವಳು ಹುಡುಕುತ್ತಿದ್ದದ್ದು 'ಡೈಯಿಂಗ್ ಡಿಕ್ಲರೇಷನ್' ಎಂಬ ಪದವನ್ನು, ಆ ಪದ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ವಿಷಯ ಇರುವುದು 26ನೇ ಸೆಕ್ಷನ್ನಿನಲ್ಲಿ. ಅದರ ತಲೆಬರಹ ಹೇಳುವುದು ಸತ್ತುಹೋದ ಅಥವಾ ಪತ್ತೆಯಾಗದ ವ್ಯಕ್ತಿಯ ಹೇಳಿಕೆ ಯಾವಾಗ ಪ್ರಸ್ತುತವಾಗುತ್ತದೆ ಎಂದು, ಅದೂ ಎರಡು ಸಾಲಿನ ಉದ್ದದ ಇಂಗ್ಲಿಷಿನಲ್ಲಿ. ಅವಳ ಕಣ್ಣು ಎರಡು ಸಲ ಅದರ ಮೇಲೆಯೇ ಹಾದುಹೋಗಿತ್ತು.

ಇದೊಂದೇ ಇರಬಹುದು ಎಂದುಕೊಂಡು ಬೇರೆ ಪದಗಳನ್ನು ಕೇಳಿ ನೋಡಿದೆ. ನಿರೀಕ್ಷಣಾ ಜಾಮೀನು ಎಂದೆ. ಕೋರ್ಟಿನ ವರಾಂಡದಲ್ಲಿ ದಿನಕ್ಕೆ ಹತ್ತು ಸಲ ಕೇಳುವ 'ಆಂಟಿಸಿಪೇಟರಿ' ಎಂಬ ಪದ, ಕ್ರಿಮಿನಲ್ ಪ್ರಕರಣ ನಡೆಸುವ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ ತಲೆಬರಹದಲ್ಲಿಲ್ಲ. 482ನೇ ಸೆಕ್ಷನ್ 'ಬಂಧನದ ಭಯವಿರುವ ವ್ಯಕ್ತಿಗೆ ಜಾಮೀನು ನೀಡುವ ನಿರ್ದೇಶನ' ಎಂಬ ಅರ್ಥದ ಹೆಸರಿನಲ್ಲಿದೆ. ಚಾರ್ಜ್‌ಶೀಟ್ ಹುಡುಕಿದರೆ ಸಿಗುವುದಿಲ್ಲ, 193ನೇ ಸೆಕ್ಷನ್ ಅದನ್ನು ತನಿಖೆ ಮುಗಿದ ಮೇಲಿನ ಪೊಲೀಸ್ ಅಧಿಕಾರಿಯ ವರದಿ ಎನ್ನುತ್ತದೆ. ಎಫ್‌ಐಆರ್ 173ರಲ್ಲಿ ಸಂಜ್ಞೇಯ ಪ್ರಕರಣಗಳಲ್ಲಿ ಮಾಹಿತಿ ಎಂಬ ಹೆಸರಿನಲ್ಲಿ ಕೂತಿದೆ. ಪ್ರಕರಣವನ್ನೇ ರದ್ದು ಮಾಡಿಸುವ ಕ್ವಾಷಿಂಗ್ ಬೇಕೆಂದರೆ 528ಕ್ಕೆ ಹೋಗಬೇಕು, ಅಲ್ಲಿ ಬರೆದಿರುವುದು ಹೈಕೋರ್ಟಿನ ಅಂತರ್ಗತ ಅಧಿಕಾರದ ಬಗ್ಗೆ. ಸಾಕ್ಷಿ ಹೋಸ್ಟೈಲ್ ಆದ ಎಂದು ನಾವು ದಿನವೂ ಹೇಳುತ್ತೇವೆ, ಸಾಕ್ಷ್ಯ ಅಧಿನಿಯಮದ 157ಕ್ಕೆ ಆ ಹೆಸರೇ ಇಲ್ಲ, ಪಕ್ಷಗಾರ ತನ್ನದೇ ಸಾಕ್ಷಿಗೆ ಕೇಳುವ ಪ್ರಶ್ನೆ ಎಂದಿದೆ. ಘಟನೆಯ ಹೊತ್ತಿಗೆ ಬೇರೆ ಕಡೆ ಇದ್ದೆ ಎನ್ನುವ ಅಲಿಬಿ 9ನೇ ಸೆಕ್ಷನ್ನಿನೊಳಗೆ ಒಂದು ಉದಾಹರಣೆಯಾಗಿ ಮಾತ್ರ ಬರುತ್ತದೆ, ಅದೂ ಆ ಪದವಿಲ್ಲದೆ.

ಇಪ್ಪತ್ತು ವರ್ಷ ವಕೀಲಿಕೆ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಸೆಕ್ಷನ್ ನಂಬರ್ ಬಾಯಲ್ಲೇ ಇರುವವರು ತಲೆಬರಹ ನೋಡುವುದಿಲ್ಲ. ಪ್ರಶ್ನೆ ಕೇಳುವುದು ಬಾರ್ ರೂಮಿನ ಪದದಲ್ಲಿ, ಪುಸ್ತಕ ಉತ್ತರಿಸುವುದು ಶಾಸನದ ಪದದಲ್ಲಿ. ನಮ್ಮ ಜೂನಿಯರ್‌ಗೆ ಇನ್ನೂ ಒಂದು ಮೆಟ್ಟಿಲು ಹೆಚ್ಚಿಗೆ ಇತ್ತು. ಅವಳು ಪ್ರಶ್ನೆಪತ್ರಿಕೆ ತೆಗೆದುಕೊಳ್ಳುವುದು ಕನ್ನಡದಲ್ಲಿ, ಕೈಯಲ್ಲಿರುವ ಪುಸ್ತಕ ಇಂಗ್ಲಿಷಿನದು. 'ಮರಣಕಾಲದ ಹೇಳಿಕೆ' ಮೊದಲು 'ಡೈಯಿಂಗ್ ಡಿಕ್ಲರೇಷನ್' ಆಗಬೇಕು, ಆಮೇಲೆ ಅದು 'ಸತ್ತುಹೋದ ವ್ಯಕ್ತಿಯ ಹೇಳಿಕೆ'ಯಾಗಬೇಕು. ಸಮಯ ಸೋರಿಹೋಗುತ್ತಿದ್ದದ್ದು ಇಲ್ಲಿ, ಪುಟ ತಿರುಗಿಸುವುದರಲ್ಲಿ ಅಲ್ಲ.

ಹಾಗಾಗಿ ಸೂಚಿ ಮಾಡುವ ಕೆಲಸವನ್ನು ನಾವು ಪುಸ್ತಕದಿಂದ ಶುರು ಮಾಡಲಿಲ್ಲ, ಅವಳ ಹಳೆಯ ನೋಟ್ಸಿನಿಂದ ಶುರು ಮಾಡಿದೆವು. ನೋಟ್ಸಿನಲ್ಲಿ ಅವಳೇ ಬರೆದ, ಅವಳ ತಲೆಯಲ್ಲಿ ಕೂತಿದ್ದ ಪದಗಳಿದ್ದವು. ಇನ್ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ತಂದು ಪುಟವನ್ನು ಮೂರು ಕಂಬಸಾಲು ಮಾಡಿದಳು. ಮೊದಲನೆಯದರಲ್ಲಿ ತಾನು ಹೇಳುವ ಪದ, ಕನ್ನಡವೋ ಕೋರ್ಟಿನ ಇಂಗ್ಲಿಷೋ, ಹೇಗೆ ನೆನಪಿಗೆ ಬರುತ್ತದೋ ಹಾಗೆ. ಎರಡನೆಯದರಲ್ಲಿ ಬೇರ್ ಆಕ್ಟಿನ ತಲೆಬರಹದಿಂದ ಕಣ್ಣಿಗೆ ಹಿಡಿಯುವ ಎರಡೋ ಮೂರೋ ಪದ ಮಾತ್ರ. ಮೂರನೆಯದರಲ್ಲಿ ಕಾಯ್ದೆ, ಅಧ್ಯಾಯ, ಸೆಕ್ಷನ್. ನಿರೀಕ್ಷಣಾ ಜಾಮೀನಿನ ಎದುರು ಅವಳು ಬರೆದದ್ದು 'ಅಪ್ರಿಹೆಂಡಿಂಗ್ ಅರೆಸ್ಟ್', ಅಷ್ಟೇ. ಪಟ್ಟಿಯ ಮೇಲೆ ಕಣ್ಣು ಓಡಿಸುವಾಗ ಹುಡುಕಬೇಕಾದದ್ದು ಆ ಎರಡು ಪದವನ್ನು.

ಎರಡನೇ ಕಂಬಸಾಲಿಗೆ ಇಡೀ ತಲೆಬರಹ ನಕಲು ಮಾಡಬಾರದು ಎಂಬುದು ಮೊದಲ ವಾರದ ಪಾಠ. ಶುರುವಿನ ನಲವತ್ತು ನಮೂದುಗಳಲ್ಲಿ ಅವಳು ಪೂರ್ತಿ ಸಾಲು ಬರೆದಿದ್ದಳು, ಒಂದೂ ನೆನಪಿನಲ್ಲಿ ಉಳಿಯಲಿಲ್ಲ. ಅದನ್ನೆಲ್ಲ ಹೊಡೆದುಹಾಕಿ ಎರಡೆರಡು ಪದಕ್ಕೆ ಇಳಿಸಿದಳು. ಸೂಚಿ ಕೊನೆಗೆ ಮುನ್ನೂರು ನಮೂದು ದಾಟಲಿಲ್ಲ. ಎಲ್ಲ ಕಾಯ್ದೆಗೂ ಸಮನಾಗಿ ಮಾಡಲೂ ಇಲ್ಲ. ಪರೀಕ್ಷೆಯ ಪಠ್ಯಕ್ರಮದಲ್ಲಿ ಸಂವಿಧಾನ, ಸಿವಿಲ್ ದಾವೆ ನಡೆಸುವ ಕ್ರಮದ ಸಿಪಿಸಿ, ನಾಗರಿಕ ಸುರಕ್ಷಾ ಸಂಹಿತೆಗೆ ಹತ್ತತ್ತು ಪ್ರಶ್ನೆ, ಅಪರಾಧ ಮತ್ತು ಶಿಕ್ಷೆ ಹೇಳುವ ನ್ಯಾಯ ಸಂಹಿತೆಗೂ ಸಾಕ್ಷ್ಯ ಅಧಿನಿಯಮಕ್ಕೂ ಎಂಟೆಂಟು. ಐದು ಪುಸ್ತಕಕ್ಕೇ 46 ಆಯಿತು. ಕರಾರು, ಆಸ್ತಿ ಹಸ್ತಾಂತರ, ನಿರ್ದಿಷ್ಟ ಪರಿಹಾರ, ವರ್ಗಾವಣೀಯ ಲಿಖಿತ ಪತ್ರಗಳ ಗುಂಪಿಗೆ ಎಂಟು, ಕೌಟುಂಬಿಕ ಕಾನೂನಿಗೆ ಎಂಟು. ಕಂಪನಿ ಕಾನೂನು, ಪರಿಸರ, ಸೈಬರ್, ಭೂಸ್ವಾಧೀನ, ಬೌದ್ಧಿಕ ಆಸ್ತಿಗೆಲ್ಲ ಎರಡೆರಡೇ. ಎರಡು ಪ್ರಶ್ನೆಗಾಗಿ ಕಂಪನಿ ಕಾಯ್ದೆಯ ಸೂಚಿ ಮಾಡುವುದಾಗಲಿ, ಆ ಭಾರ ಹೊತ್ತು ಪರೀಕ್ಷೆಗೆ ಬೆಂಗಳೂರಿಗೆ ಹೋಗುವುದಾಗಲಿ ಬೇಡ ಎಂದು ತೀರ್ಮಾನಿಸಿದೆವು.

ಮತ್ತೊಂದು ತೊಡಕು 2024ರ ಜುಲೈ 1ರಿಂದ ಬಂದ ಮೂರು ಹೊಸ ಕಾಯ್ದೆಗಳದ್ದು. ಅವಳು ಕಾಲೇಜಿನಲ್ಲಿ ಓದಿದ್ದು ಐಪಿಸಿ, ಸಿಆರ್‌ಪಿಸಿ, ಹಳೆಯ ಸಾಕ್ಷ್ಯ ಕಾಯ್ದೆ. ಅವುಗಳ ಜಾಗಕ್ಕೆ ಬಂದದ್ದು ಕ್ರಮವಾಗಿ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ. ನೋಟ್ಸೆಲ್ಲ ಹಳೆಯ ನಂಬರಿನದು. ವಂಚನೆ ಎಂದರೆ ಅವಳ ಕೈ 420ರ ಕಡೆ ಹೋಗುತ್ತಿತ್ತು, ಹೊಸ ನ್ಯಾಯ ಸಂಹಿತೆಯಲ್ಲಿರುವುದೇ ಒಟ್ಟು 358 ಸೆಕ್ಷನ್. ಎದುರುಬದುರು ನಂಬರ್ ಪಟ್ಟಿಯನ್ನು ಕಂಠಪಾಠ ಮಾಡಲು ಹೋಗಿ ಒಂದು ವಾರ ಕಳೆದಳು, ಗೊಂದಲ ಹೆಚ್ಚಾಯಿತು. ಅದನ್ನು ಬಿಡಿಸಿ, ಮೂವತ್ತು ಜೋಡಿ ಮಾತ್ರ ಸೂಚಿಗೆ ಸೇರಿಸಿದೆವು: 302ಕ್ಕೆ 103, 420ಕ್ಕೆ 318, 498ಎಗೆ 85, ಸಿಆರ್‌ಪಿಸಿಯ 125ಕ್ಕೆ 144, ಸಾಕ್ಷ್ಯ ಕಾಯ್ದೆಯ 65ಬಿಗೆ 63, ಹೀಗೆ. ಉಳಿದದ್ದಕ್ಕೆ ನಂಬರ್ ಬಿಟ್ಟು ಅಧ್ಯಾಯದ ಗಡಿ ಕಲಿಸಿದೆ. ನ್ಯಾಯ ಸಂಹಿತೆಯಲ್ಲಿ 63ರಿಂದ 99 ಮಹಿಳೆ ಮತ್ತು ಮಕ್ಕಳ ಮೇಲಿನ ಅಪರಾಧ, 100ರಿಂದ 146 ಶರೀರದ ಮೇಲಿನದು, 303ರಿಂದ 334 ಸ್ವತ್ತಿನದು. ಸುರಕ್ಷಾ ಸಂಹಿತೆಯಲ್ಲಿ 35ರಿಂದ ಬಂಧನ, 173ರಿಂದ ತನಿಖೆ, 478ರಿಂದ ಜಾಮೀನು. ಗಡಿ ಗೊತ್ತಿದ್ದರೆ ಪಟ್ಟಿಯಲ್ಲಿ ಐನೂರು ಸಾಲು ನೋಡುವ ಕಡೆ ಇಪ್ಪತ್ತು ಸಾಲು ನೋಡಿದರೆ ಸಾಕು.

ಈ ನೋಟ್‌ಬುಕ್ಕನ್ನೂ ಒಳಗೆ ಬಿಡುವುದಿಲ್ಲ, ಅದು ನಮಗೆ ಮೊದಲೇ ಗೊತ್ತಿತ್ತು. ಬೇರ್ ಆಕ್ಟಿನ ಅಂಚಿಗೆ ಚೀಟಿ ಅಂಟಿಸುವ ಯೋಚನೆಯನ್ನೂ ಬಿಟ್ಟೆವು. ಚೀಟಿಯ ಮೇಲೆ ಒಂದು ಪದ ಬರೆದರೂ ಅದು ಟಿಪ್ಪಣಿಯೇ, ಬಾಗಿಲಲ್ಲಿ ಪುಸ್ತಕ ಕಿತ್ತುಕೊಂಡರೆ ಅಲ್ಲಿಗೆ ಮುಗಿಯಿತು. ಸೂಚಿ ಇದ್ದದ್ದು ಅಭ್ಯಾಸಕ್ಕೆ. ಒಳಗೆ ಅವಳ ಜೊತೆ ಹೋಗಬೇಕಾದದ್ದು ಎರಡನೇ ಕಂಬಸಾಲಿನ ಪದಗಳು ಮತ್ತು ಅಧ್ಯಾಯದ ಗಡಿಗಳು, ಅವು ತಲೆಯಲ್ಲಿರಬೇಕು. ಉಳಿದದ್ದಕ್ಕೆ ಕಾಯ್ದೆಯ ಮುಂದೆಯೇ ಅಚ್ಚಾಗಿರುವ ಸೆಕ್ಷನ್ ಪಟ್ಟಿ ಇದೆ.

ಅಭ್ಯಾಸಕ್ಕೆ ಅವಳ ಹಳೆಯ ಸ್ಟೀಲ್ ಊಟದ ಡಬ್ಬಿ ಬಳಕೆಗೆ ಬಂತು. ಸೂಚಿಯ ಮೊದಲ ಕಂಬಸಾಲಿನ ಪದಗಳನ್ನು ಚೀಟಿಗಳಲ್ಲಿ ಬರೆದು ಮಡಚಿ ಅದರೊಳಗೆ ಹಾಕಿದಳು. ದಿನಾ ಸಂಜೆ ಹನ್ನೆರಡು ಚೀಟಿ ಎತ್ತುವುದು. ಚೀಟಿ ಬಿಡಿಸಿದ ಕ್ಷಣದಿಂದ ಬೆರಳು ಸರಿಯಾದ ಸೆಕ್ಷನ್ ಮೇಲೆ ಬರುವವರೆಗೆ ಎಷ್ಟು ಸೆಕೆಂಡ್ ಎಂದು ಬರೆಯುವುದು. ಬರೀ ಒಟ್ಟು ಸಮಯ ಬರೆದರೆ ಪ್ರಯೋಜನವಿಲ್ಲ ಎಂದು ಎರಡನೇ ದಿನಕ್ಕೇ ತಿಳಿಯಿತು, ಎಲ್ಲಿ ನಿಂತಳು ಎಂಬುದೂ ಬೇಕು. ಆದ್ದರಿಂದ ಸಮಯದ ಪಕ್ಕ ಒಂದು ಅಕ್ಷರ: ಕಾಯ್ದೆ ಯಾವುದೆಂದೇ ತಡವಾದರೆ 'ಕಾ', ಪಟ್ಟಿಯಲ್ಲಿ ಪದ ಸಿಗದಿದ್ದರೆ 'ಪ', ಸೆಕ್ಷನ್ ಸಿಕ್ಕ ಮೇಲೆ ಒಳಗೆ ಓದುತ್ತಾ ಕೂತರೆ 'ಓ'. ಮೊದಲ ಹತ್ತು ದಿನ ಹಾಳೆ ತುಂಬ 'ಪ'. ತಿಂಗಳ ಹೊತ್ತಿಗೆ 'ಪ' ಕಡಿಮೆಯಾಗಿ 'ಓ' ಜಾಸ್ತಿಯಾಯಿತು. ಮರಣಕಾಲದ ಹೇಳಿಕೆಯ ಚೀಟಿ ಮತ್ತೆ ಬಂದ ದಿನ ಮೂವತ್ತೈದು ಸೆಕೆಂಡ್ ಸಾಕಾಯಿತು.

'ಕಾ' ಬರುತ್ತಿದ್ದದ್ದು ಎರಡು ಕಡೆ. ಒಂದು, ಅಪರಾಧ ಜಾಮೀನೀಯವೋ ಅಲ್ಲವೋ ಎಂಬ ಪ್ರಶ್ನೆಗಳಲ್ಲಿ. ಮಾನನಷ್ಟ ಜಾಮೀನೀಯವೇ ಎಂದು ಕೇಳಿದರೆ ಅವಳು ನ್ಯಾಯ ಸಂಹಿತೆಯ 356ನ್ನು ತೆಗೆದು ಪೂರ್ತಿ ಓದುತ್ತಿದ್ದಳು. ಅಲ್ಲಿ ಶಿಕ್ಷೆ ಇದೆ, ಜಾಮೀನಿನ ಮಾತಿಲ್ಲ. ಅದು ಇರುವುದು ಸುರಕ್ಷಾ ಸಂಹಿತೆಯ ಕೊನೆಯ ಮೊದಲನೇ ಅನುಸೂಚಿಯಲ್ಲಿ, ನ್ಯಾಯ ಸಂಹಿತೆಯ ನಂಬರಿನ ಕ್ರಮದಲ್ಲಿ, ಕೋಷ್ಟಕವಾಗಿ. ಒಂದು ಪ್ರಶ್ನೆಗೆ ಎರಡು ಪುಸ್ತಕ. ಇನ್ನೊಂದು ಸಿಪಿಸಿ. ಅದರಲ್ಲಿ 158 ಸೆಕ್ಷನ್ ಒಂದು ಭಾಗ, 51 ಆದೇಶಗಳು ಇನ್ನೊಂದು ಭಾಗ, ಎರಡಕ್ಕೂ ಬೇರೆ ಬೇರೆ ಪಟ್ಟಿ. ತಾತ್ಕಾಲಿಕ ತಡೆಯಾಜ್ಞೆಯನ್ನು ಸೆಕ್ಷನ್ ಪಟ್ಟಿಯಲ್ಲಿ ಹುಡುಕಿ ಸಿಗದೆ ಬಿಟ್ಟಿದ್ದಳು, ಅದು 39ನೇ ಆದೇಶ. ಇದಕ್ಕೆ ನಾನು ಹೇಳಿಕೊಟ್ಟದ್ದು ಹಳೆಯ ಗುಮಾಸ್ತರೊಬ್ಬರಿಂದ ಕಲಿತ ಮಾತು: ಕೋರ್ಟಿಗೆ ಅಧಿಕಾರ ಇದೆಯೇ ಎಂದರೆ ಸೆಕ್ಷನ್, ಅದನ್ನು ಹೇಗೆ ನಡೆಸುವುದು ಎಂದರೆ ಆದೇಶ. ಪುನರ್ವಿಮರ್ಶೆಗೆ 114ನೇ ಸೆಕ್ಷನ್ನೂ ಇದೆ, 47ನೇ ಆದೇಶವೂ ಇದೆ. ಎಲ್ಲ ಕಡೆಯೂ ಇದು ಅಚ್ಚುಕಟ್ಟಾಗಿ ಹೊಂದುವುದಿಲ್ಲ, ಆದರೂ ಯಾವ ಪಟ್ಟಿಯಿಂದ ಶುರು ಮಾಡಬೇಕು ಎನ್ನುವುದಕ್ಕೆ ಸಾಕು.

'ಓ' ಇನ್ನೂ ಅಪಾಯದ್ದು, ಯಾಕೆಂದರೆ ಅದರಲ್ಲಿ ಸಮಯದ ಜೊತೆ ಅಂಕವೂ ಹೋಗುತ್ತದೆ. ಮಾದರಿ ಪರೀಕ್ಷೆಯಲ್ಲಿ ತಪ್ಪಾದ ಉತ್ತರಗಳನ್ನು ಅವಳು ಎರಡು ಗುಂಪು ಮಾಡಿದಳು. ಪುಸ್ತಕ ತೆಗೆಯದೆ ತಪ್ಪಾದದ್ದು ಒಂದು ಕಡೆ, ತೆಗೆದು ಸರಿಯಾದ ಸೆಕ್ಷನ್ ಸಿಕ್ಕ ಮೇಲೂ ತಪ್ಪಾದದ್ದು ಇನ್ನೊಂದು ಕಡೆ. ಎರಡನೇ ಗುಂಪಿನಲ್ಲಿ ಒಂಬತ್ತು ಪ್ರಶ್ನೆ ಇದ್ದವು, ಅದರಲ್ಲಿ ಏಳು ಒಂದೇ ಬಗೆಯವು. ಸಾಮಾನ್ಯ ದಾವೆಯಲ್ಲಿ ಲಿಖಿತ ಹೇಳಿಕೆ ಸಲ್ಲಿಸಲು ಗರಿಷ್ಠ ಎಷ್ಟು ದಿನ ಎಂದು ಪ್ರಶ್ನೆ. ಎಂಟನೇ ಆದೇಶದ ಒಂದನೇ ನಿಯಮ ತೆಗೆದಳು, ಮೂವತ್ತು ದಿನ ಎಂದು ಕಂಡಿತು, ಗುರುತು ಹಾಕಿದಳು. ಅದರ ಕೆಳಗಿನ ಪರಂತುಕದಲ್ಲಿ ಕಾರಣ ದಾಖಲಿಸಿ ತೊಂಬತ್ತು ದಿನದವರೆಗೆ ಅವಕಾಶ ಕೊಡಬಹುದು ಎಂದಿದೆ, ಪ್ರಶ್ನೆ ಕೇಳಿದ್ದು ಅದನ್ನು. ಪ್ರಶ್ನೆ ಮಾಡುವವರಿಗೂ ಗೊತ್ತು ಕೈಯಲ್ಲಿ ಪುಸ್ತಕವಿದೆ ಎಂದು, ಹಾಗಾಗಿ ಮೊದಲ ಸಾಲಿನ ಸಂಖ್ಯೆ ಆಯ್ಕೆಗಳಲ್ಲಿ ಇದ್ದೇ ಇರುತ್ತದೆ. ಅಲ್ಲಿಂದ ಮುಂದೆ ಅವಳ ಓದಿನ ಕ್ರಮ ಬದಲಾಯಿತು. ತಲೆಬರಹ ಸರಿಯಿದೆಯೇ ನೋಡುವುದು, ನೇರ ಕೆಳಗೆ ಇಳಿದು ಪರಂತುಕ, ವಿವರಣೆ, ಅಪವಾದ ಇದೆಯೇ ನೋಡುವುದು, ಆಮೇಲೆ ಮೇಲಿನ ಪಠ್ಯ. ಎರಡು ಪ್ಯಾರಾಕ್ಕಿಂತ ಹೆಚ್ಚು ಓದಬೇಕಾಗಿ ಬಂದರೆ ಬಿಟ್ಟು ಮುಂದಕ್ಕೆ.

ಪುಸ್ತಕ ತೆಗೆಯಲೇಬಾರದ ಪ್ರಶ್ನೆಗಳೂ ಇವೆ. ಯಾವ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೀಗೆಂದಿತು ಎಂದು ಕೇಳಿದರೆ ಬೇರ್ ಆಕ್ಟಿನಲ್ಲಿ ಉತ್ತರವಿಲ್ಲ. ಸಾರ್ವಜನಿಕ ಹಿತಾಸಕ್ತಿ ಅರ್ಜಿ, ಆಡಳಿತ ಕಾನೂನು, ಅಪಕೃತ್ಯದ ಹೆಚ್ಚಿನ ಪ್ರಶ್ನೆಗಳು ಈ ಜಾತಿಯವು. ಮೊದಲ ಪರೀಕ್ಷೆಯಲ್ಲಿ ಮೂಲ ರಚನೆಯ ಸಿದ್ಧಾಂತಕ್ಕಾಗಿ ಸಂವಿಧಾನದ ಪುಟ ತಿರುಗಿಸುತ್ತಾ ಆರು ನಿಮಿಷ ಕಳೆದಿದ್ದಳಂತೆ. ಅದು 1973ರ ಕೇಶವಾನಂದ ಭಾರತಿ ಪ್ರಕರಣದ ತೀರ್ಪಿನಿಂದ ಬಂದದ್ದು, 368ನೇ ವಿಧಿಯನ್ನು ಎಷ್ಟು ಓದಿದರೂ ಆ ಮಾತು ಕಾಣುವುದಿಲ್ಲ. ಇಂಥ ಪ್ರಶ್ನೆಯಲ್ಲಿ ಗೊತ್ತಿದ್ದರೆ ಗುರುತು, ಗೊತ್ತಿಲ್ಲದಿದ್ದರೂ ಒಂದು ಗುರುತು, ಹೇಗೂ ಅಂಕ ಕಡಿತವಿಲ್ಲ.

ಸಮಯದ ಹಂಚಿಕೆಯನ್ನು ಮೂರು ಮಾದರಿ ಪರೀಕ್ಷೆ ಆದ ಮೇಲೆ ಅವಳೇ ನಿಗದಿ ಮಾಡಿಕೊಂಡಳು. ಒಟ್ಟು 210 ನಿಮಿಷ. ಮೊದಲ ಸುತ್ತು 85 ನಿಮಿಷ, ಪುಸ್ತಕ ಮುಚ್ಚಿಯೇ ಇರಬೇಕು, ನೂರೂ ಪ್ರಶ್ನೆ ಓದಿ ಗೊತ್ತಿರುವುದನ್ನು ಅಲ್ಲಲ್ಲೇ ಒಎಂಆರ್ ಹಾಳೆಯಲ್ಲಿ ತುಂಬುವುದು. ಎರಡನೇ ಸುತ್ತು 90 ನಿಮಿಷ, ಒಂದು ಹುಡುಕಾಟಕ್ಕೆ ಎರಡು ನಿಮಿಷದಂತೆ ನಲವತ್ತೈದು. ಈ ಸುತ್ತಿನಲ್ಲಿ ಪ್ರಶ್ನೆಯ ಕ್ರಮದಲ್ಲಿ ಹೋಗದೆ ಪುಸ್ತಕದ ಕ್ರಮದಲ್ಲಿ ಹೋಗುವುದು ಅವಳಿಗೆ ತಾನಾಗಿ ಹೊಳೆದದ್ದು, ನಾನು ಹೇಳಿದ್ದಲ್ಲ. ಸಿಪಿಸಿ ತೆಗೆದರೆ ಸಿಪಿಸಿಯ ಬಾಕಿ ಪ್ರಶ್ನೆಗಳನ್ನೆಲ್ಲ ಮುಗಿಸಿ ಆ ಪುಸ್ತಕ ಕೆಳಗಿಡುವುದು. ಪರೀಕ್ಷಾ ಕೊಠಡಿಯ ಡೆಸ್ಕು ಎಷ್ಟು ಅಗಲ ಇರುತ್ತದೆ ಎಂದು ಎಲ್ಲರಿಗೂ ಗೊತ್ತು, ಎರಡು ಪುಸ್ತಕ ಬಿಚ್ಚಿದರೆ ಒಎಂಆರ್‌ಗೆ ಜಾಗವಿರುವುದಿಲ್ಲ. ಉಳಿದ 35 ನಿಮಿಷದಲ್ಲಿ ಇಪ್ಪತ್ತು ಖಾಲಿ ಬಿಟ್ಟದ್ದನ್ನು ತುಂಬಿ ಹಾಳೆ ಸರಿನೋಡಲು, ಹದಿನೈದು ಕೈಮೀರಿದ್ದಕ್ಕೆ.

ಕೊನೆಯ ಎರಡು ವಾರ ಚೀಟಿ ನಿಲ್ಲಿಸಿ ಇನ್ನೊಂದು ಅಭ್ಯಾಸ ಮಾಡಿದಳು. ಪುಸ್ತಕವನ್ನು ಪಟ್ಟಿ ನೋಡದೆ, ಬರೀ ದಪ್ಪದ ಅಂದಾಜಿನಲ್ಲಿ ಜಾಮೀನಿನ ಅಧ್ಯಾಯಕ್ಕೆ ಬಿಚ್ಚುವುದು. ಸುರಕ್ಷಾ ಸಂಹಿತೆಯನ್ನು ಬಲಗೈ ಹೆಬ್ಬೆರಳಿನಿಂದ ಹಿಂದಿನಿಂದ ಸರಿಸಿಕೊಂಡು ಬರುತ್ತಿದ್ದಳು, ಕೋಷ್ಟಕದ ಪುಟಗಳು ಮುಗಿದು ಸಾದಾ ಪಠ್ಯ ಶುರುವಾದ ಮೇಲೆ ಸ್ವಲ್ಪ ಹಿಂದಕ್ಕೆ ಹೋದರೆ 480ರ ಆಸುಪಾಸು. ಇದಕ್ಕಾಗಿ ಪರೀಕ್ಷೆಗೆ ಒಯ್ಯುವ ಪ್ರತಿಯಲ್ಲೇ ಅಭ್ಯಾಸ ಮಾಡಬೇಕು, ಬೇರೆ ಪ್ರಕಾಶಕರ ಪ್ರತಿಯಲ್ಲಿ ದಪ್ಪ ಬೇರೆ. ಆ ಪ್ರತಿಗಳಲ್ಲಿ ಒಂದು ಪೆನ್ಸಿಲ್ ಗೆರೆಯೂ ಬೀಳದಂತೆ ನೋಡಿಕೊಂಡಳು. ಬೆನ್ನು ಮಾತ್ರ ಸಡಿಲವಾಗಿ, ಬಿಚ್ಚಿಟ್ಟರೆ ಬಿಚ್ಚಿಕೊಂಡೇ ಇರುವಂತಾಗಿದ್ದವು.

ಎರಡನೇ ಸಲ ಅವಳಿಗೆ 58 ಬಂತು. ಪರೀಕ್ಷೆ ಮುಗಿಸಿ ರಾತ್ರಿ ಬಸ್ಸಿನಲ್ಲಿ ಬರುವಾಗಲೇ ನೆನಪಿದ್ದಷ್ಟನ್ನು ಬರೆದುಕೊಂಡಿದ್ದಳು. ಹುಡುಕಿದ್ದು ಮೂವತ್ತೆಂಟು, ಸಿಗದೆ ಬಿಟ್ಟದ್ದು ಆರು. ಆ ಆರರಲ್ಲಿ ಮೂರು ತೆರಿಗೆಯವು. ತೆರಿಗೆಗೆ ನಾಲ್ಕು ಪ್ರಶ್ನೆ ಇದ್ದರೂ ನಾವು ಅದನ್ನು ಸೂಚಿಗೆ ಸೇರಿಸಿರಲಿಲ್ಲ, ಅದು ನನ್ನ ಲೆಕ್ಕಾಚಾರದ ತಪ್ಪು. ವ್ಯಾಖ್ಯೆಯ ಸೆಕ್ಷನ್ ಮತ್ತು ಆದಾಯದ ಶೀರ್ಷಿಕೆಗಳಷ್ಟನ್ನಾದರೂ ಹಾಕಬೇಕಿತ್ತು.

ಈಗ ಆ ನೋಟ್‌ಬುಕ್ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಸಕಲೇಶಪುರದ ಹುಡುಗನ ಕೈಯಲ್ಲಿದೆ. ಅವನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. 'ಅಮಲ್ಜಾರಿ' ಎಂಬ ನಮೂದು ನೋಡಿ, "ಅಕ್ಕಾ, ಇದೇನು?" ಎಂದು ಕೇಳಿದ. "ಎಕ್ಸಿಕ್ಯೂಷನ್ ಕಣೋ, ಇಪ್ಪತ್ತೊಂದನೇ ಆದೇಶ" ಎಂದು ಹೇಳಿ, ಅವಳು ಒಂದು ಖಾಲಿ ನೋಟ್‌ಬುಕ್ ತೆಗೆದು ಅವನ ಮುಂದಿಟ್ಟಳು. "ಇದರ ಎರಡನೇ ಮೂರನೇ ಕಂಬಸಾಲು ಬೇಕಾದರೆ ನೋಡಿಕೋ. ಮೊದಲನೇ ಕಂಬಸಾಲು ಮಾತ್ರ ನಿನ್ನದೇ ಬರಿ."